ಹೊಸ ಕೆಲಸದ ಮೊದಲ 90 ದಿನ: ಮೂರು ಕ್ಲೋಸಿಂಗ್‌ಗಳ ಸುತ್ತ ಒಂದು ಪ್ಲಾನ್

ಪ್ರಶ್ನೆ: ಎಂಟು ವರ್ಷ ಒಂದೇ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. ಈಗ ಬೇರೆ ಕಂಪನಿಗೆ ಸಪ್ಲೈಯರ್ ಪೇಮೆಂಟ್ ತಂಡದ ಸೀನಿಯರ್ ಆಗಿ ಸೇರಿದ್ದೇನೆ. ಇದು ಮೊದಲ ವಾರ. ಮ್ಯಾನೇಜರ್ ಒಳ್ಳೆಯವರು, ಆದರೆ "ನಿಮಗೆ ಅನುಭವ ಇದೆ, ನೋಡ್ಕೊಂಡು ಹೋಗಿ" ಅಂತಷ್ಟೇ ಹೇಳಿದ್ದಾರೆ. ಇದೇ ಹುದ್ದೆಗೆ ಪ್ರಯತ್ನಿಸಿದ್ದ ಒಬ್ಬರು ನನ್ನ ಪಕ್ಕದಲ್ಲೇ ಕೂರುತ್ತಾರೆ. ಮೂರು ತಿಂಗಳು ಪ್ರೊಬೇಷನ್. ಈ 90 ದಿನ ಹೇಗೆ ಪ್ಲಾನ್ ಮಾಡಲಿ?

ಉತ್ತರ: ಮೊದಲು ಕ್ಯಾಲೆಂಡರ್ ತೆಗೆದು, ಈ ಅವಧಿಯಲ್ಲಿ ಬರುವ ಮೂರು ಕ್ಲೋಸಿಂಗ್‌ಗಳಿಗೆ, ಅಂದರೆ ಆಯಾ ತಿಂಗಳ ಲೆಕ್ಕ ಮುಗಿಸುವ ದಿನಗಳಿಗೆ, ಗುರುತು ಹಾಕಿ. ನಿಮ್ಮ ಪ್ಲಾನ್ ಅವುಗಳ ಸುತ್ತ ಇರಲಿ. 30 ದಿನ ಕಲಿಯುವುದು, 30 ದಿನ ಕೊಡುಗೆ, 30 ದಿನ ಮುನ್ನಡೆಸುವುದು ಎಂದು ಸಮನಾಗಿ ಹಂಚಿದ ಪ್ಲಾನ್‌ಗಳು ಎಲ್ಲ ಕಡೆ ಸಿಗುತ್ತವೆ. ಆದರೆ ಕೆಲಸ ಹಾಗೆ ಸಮನಾಗಿ ನಡೆಯುವುದಿಲ್ಲ. ಪೇಮೆಂಟ್ ತಂಡದಲ್ಲಿ ತಿಂಗಳ ನಡುವೆ ಸ್ವಲ್ಪ ಉಸಿರಾಡಲು ಜಾಗ ಇರುತ್ತದೆ. ತಿಂಗಳ ಕೊನೆಯ ಕೆಲವು ದಿನ ಮತ್ತು ಮುಂದಿನ ತಿಂಗಳ ಮೊದಲ ಕೆಲವು ದಿನ ಯಾರಿಗೂ ತಲೆ ಎತ್ತಲು ಬಿಡುವಿಲ್ಲ. ನಿಮಗೆ ಕಲಿಸಲು ಜನರಿಗೆ ಸಮಯ ಇರುವುದು ನಡುವಿನ ದಿನಗಳಲ್ಲಿ. ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಅಂತ ಕಾಣುವುದು ಆ ಗಡಿಬಿಡಿಯ ದಿನಗಳಲ್ಲಿ.

ಹಾಗಾಗಿ ಮೊದಲ ಕ್ಲೋಸಿಂಗ್‌ನಲ್ಲಿ ಪಕ್ಕದಲ್ಲಿ ಕೂತು ನೋಡಿ. ಎರಡನೆಯದರಲ್ಲಿ ಒಂದು ಭಾಗವನ್ನು ನೀವೇ ಮಾಡಿ, ಇನ್ನೊಬ್ಬರಿಂದ ಚೆಕ್ ಮಾಡಿಸಿ. ಮೂರನೆಯದರಲ್ಲಿ ಪೂರ್ತಿ ಹೊಣೆ ನಿಮ್ಮದು. ಈ ಮೂರೂ ವಾಕ್ಯಗಳನ್ನು ಮ್ಯಾನೇಜರ್‌ಗೆ ಈ ವಾರವೇ ಹೇಳಿಬಿಡಿ. ಹೊಸಬರು ಯಾವಾಗ ಪೂರ್ತಿ ಹೊಣೆ ಹೊರುತ್ತಾರೆ ಎಂಬ ಪ್ರಶ್ನೆ ಅವರ ತಲೆಯಲ್ಲೂ ಇರುತ್ತದೆ. ಅದಕ್ಕೆ ತಾರೀಖಿನ ಸಮೇತ ಉತ್ತರ ಸಿಕ್ಕರೆ ಅವರ ಕಡೆಯಿಂದ ಅರ್ಧ ಆತಂಕ ಕಡಿಮೆಯಾಗುತ್ತದೆ. ಬೇರೆ ಕೆಲಸದಲ್ಲಿರುವವರು ಇದನ್ನು ಓದುತ್ತಿದ್ದರೆ, ನಿಮ್ಮ ಕೆಲಸದ ಸುತ್ತು ಯಾವುದು ಅಂತ ಹುಡುಕಿಕೊಳ್ಳಿ. ಸಾಫ್ಟ್‌ವೇರ್‌ನವರಿಗೆ ರಿಲೀಸ್, ಮಾರಾಟದವರಿಗೆ ಟಾರ್ಗೆಟ್ ಲೆಕ್ಕ ಹಾಕುವ ಅವಧಿ, ಶಿಕ್ಷಕರಿಗೆ ಒಂದು ಪಾಠದಿಂದ ಪರೀಕ್ಷೆಯವರೆಗಿನ ಅವಧಿ. 90 ದಿನಗಳಲ್ಲಿ ಅಂಥ ಎಷ್ಟು ಸುತ್ತು ಸಿಗುತ್ತವೆ ಅನ್ನುವುದೇ ನಿಮ್ಮ ಪ್ಲಾನಿನ ಅಳತೆ.

ಈಗ "ನೋಡ್ಕೊಂಡು ಹೋಗಿ" ಎಂಬ ಮಾತಿಗೆ ಬರೋಣ. ಅದನ್ನು ಸ್ವಾತಂತ್ರ್ಯ ಅಂದುಕೊಳ್ಳಬೇಡಿ. ನಿಮ್ಮ ಮ್ಯಾನೇಜರ್‌ಗೆ ಖಂಡಿತ ನಿರೀಕ್ಷೆಗಳಿವೆ, ಇಲ್ಲದಿದ್ದರೆ ಹೊರಗಿನಿಂದ ಒಬ್ಬರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅವನ್ನು ಮಾತಿನಲ್ಲಿ ಇಡಲು ಅವರಿಗೆ ಪುರಸೊತ್ತು ಸಿಕ್ಕಿಲ್ಲ, ಅಷ್ಟೆ. ಹಾಗಂತ "ನನ್ನಿಂದ ಏನು ನಿರೀಕ್ಷೆ ಮಾಡ್ತೀರಿ ಸರ್?" ಅಂತ ಕೇಳಿದರೆ ಮತ್ತೆ ಅದೇ ಉತ್ತರ ಬರುತ್ತದೆ. ಪ್ರಶ್ನೆ ದೊಡ್ಡದಾದಷ್ಟು ಉತ್ತರ ಪೊಳ್ಳಾಗುತ್ತದೆ. ಅರ್ಧ ಗಂಟೆ ಸಮಯ ಕೇಳಿಕೊಂಡು, ಚಿಕ್ಕ, ಗಟ್ಟಿ ಪ್ರಶ್ನೆಗಳನ್ನು ಇಡಿ.

ನಾನು ಮೊದಲು ಕೇಳಿಸುವ ಪ್ರಶ್ನೆ ಇದು: "ಈ ಹುದ್ದೆ ಖಾಲಿ ಇದ್ದಾಗ ನಿಮಗೆ ಯಾವುದು ಜಾಸ್ತಿ ತೊಂದರೆ ಕೊಡ್ತಿತ್ತು?" ಇದಕ್ಕೆ ಯಾರೂ ಸುಮ್ನೆ ಒಂದು ಮಾತು ಹೇಳಿ ಮುಗಿಸುವುದಿಲ್ಲ. ನಡೆದದ್ದನ್ನು ನೆನಪಿಸಿಕೊಂಡು ಹೇಳುತ್ತಾರೆ. ನಂತರ, "ಮೂರನೇ ಕ್ಲೋಸಿಂಗ್ ಮುಗಿದಾಗ ಏನು ಬದಲಾಗಿದ್ದರೆ ಇವರನ್ನು ತಗೊಂಡಿದ್ದು ಸರಿಯಾಯ್ತು ಅನ್ನಿಸುತ್ತೆ?" ಮೂರನೆಯದು ಅಧಿಕಾರದ್ದು: ಯಾವುದನ್ನು ನಾನೇ ತೀರ್ಮಾನಿಸಬಹುದು, ಯಾವುದನ್ನು ಮಾಡಿ ತಿಳಿಸಿದರೆ ಸಾಕು, ಯಾವುದಕ್ಕೆ ಮೊದಲೇ ಕೇಳಬೇಕು? ಇಲ್ಲಿ ನೀವೇ ಉದಾಹರಣೆ ಕೊಟ್ಟು ಕೇಳಬೇಕು. ಸಪ್ಲೈಯರ್ ಒಬ್ಬರು ಅವಧಿಗೆ ಮೊದಲೇ ಪೇಮೆಂಟ್ ಕೇಳಿದರೆ ಏನು ಹೇಳಲಿ? ಬಿಲ್‌ನಲ್ಲಿ ಚಿಕ್ಕ ವ್ಯತ್ಯಾಸ ಇದ್ದರೆ ಯಾರು ಬಿಡುಗಡೆ ಮಾಡಬೇಕು? ಪೇಮೆಂಟ್ ಪಟ್ಟಿ ಬ್ಯಾಂಕಿಗೆ ಹೋಗುವ ಮೊದಲು ಒಂದು ಬಿಲ್ ತೆಗೆಯಬೇಕಾದರೆ ಯಾರಿಗೆ ಹೇಳಬೇಕು? ಕೊನೆಗೆ ಒಂದು, "ಕೆಟ್ಟ ಸುದ್ದಿ ಇದ್ದಾಗ ಫೋನ್ ಮಾಡ್ಲಾ, ಮೇಲ್ ಹಾಕ್ಲಾ, ಸಂಜೆಯವರೆಗೆ ಕಾಯ್ಲಾ?" ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹೊಸಬರ ಮೇಲಿನ ನಂಬಿಕೆ ಮೊದಲು ಅಲುಗಾಡುವುದು ಇಲ್ಲೇ. ತಪ್ಪು ಆಯಿತು ಅನ್ನುವುದಕ್ಕಿಂತ, ಅದು ತನಗೆ ಬೇರೆ ಯಾರಿಂದಲೋ ಗೊತ್ತಾಯಿತು ಅನ್ನುವುದು ಮ್ಯಾನೇಜರ್‌ಗೆ ಜಾಸ್ತಿ ನೋವು ಕೊಡುತ್ತದೆ.

ಮಾತು ಮುಗಿದ ದಿನವೇ ಒಂದು ಮೇಲ್ ಕಳಿಸಿ. ಹತ್ತು ಸಾಲು ಮೀರದಿರಲಿ. ಹೀಗೆ ಬರೆಯಬಹುದು:

"ಸರ್, ಇವತ್ತಿನ ಮಾತಿನಿಂದ ನನಗೆ ಅರ್ಥವಾದದ್ದು ಇಷ್ಟು. ಒಂದು, ಪೇಮೆಂಟ್ ಆಗದೆ ಹೋಲ್ಡ್‌ನಲ್ಲಿರುವ ಬಿಲ್‌ಗಳನ್ನು ಮೂರನೇ ಕ್ಲೋಸಿಂಗ್ ಹೊತ್ತಿಗೆ ಅರ್ಧಕ್ಕೆ ಇಳಿಸಬೇಕು. ಎರಡು, ವಾರದ ಪೇಮೆಂಟ್ ಪಟ್ಟಿ ನಿಮ್ಮ ಮೇಜಿಗೆ ಒಂದು ದಿನ ಮೊದಲೇ ಬರಬೇಕು. ಮೂರು, ಅವಧಿಗೆ ಮೊದಲು ಯಾವ ಪೇಮೆಂಟೂ ನಿಮ್ಮನ್ನು ಕೇಳದೆ ಹೋಗಬಾರದು. ನಾನು ಏನಾದರೂ ಬಿಟ್ಟಿದ್ದರೆ ಅಥವಾ ಇವುಗಳಲ್ಲಿ ಯಾವುದು ಮೊದಲು ಅನ್ನುವುದರಲ್ಲಿ ತಪ್ಪಿದ್ದರೆ ದಯವಿಟ್ಟು ತಿದ್ದಿ."

ಈ ಮೇಲ್‌ನ ಉದ್ದೇಶ ದಾಖಲೆ ಇಟ್ಟುಕೊಳ್ಳುವುದಲ್ಲ, ತಿದ್ದಿಸಿಕೊಳ್ಳುವುದು. ಬಾಯಲ್ಲಿ "ಸರಿ ಸರಿ" ಅಂದವರು ಬರಹದಲ್ಲಿ ನೋಡಿದಾಗ ನಿಂತು ಓದುತ್ತಾರೆ. ಉದಾಹರಣೆಗೆ ಮ್ಯಾನೇಜರ್ ಹೀಗೆ ಉತ್ತರಿಸಬಹುದು: "ಹೋಲ್ಡ್ ಕಡಿಮೆ ಆಗೋದು ಒಳ್ಳೆಯದೇ. ಆದರೆ ನನಗೆ ಮುಖ್ಯ, ಕ್ಲೋಸಿಂಗ್ ಮುಗಿದ ಮೇಲೆ ಹೊಸ ಬಿಲ್ ಹೊರಗೆ ಬರಬಾರದು." ಈ ಒಂದು ಸಾಲಿನಿಂದ ನಿಮ್ಮ 90 ದಿನದ ದಿಕ್ಕೇ ಬದಲಾಗುತ್ತದೆ. ಹೋಲ್ಡ್ ಸಂಖ್ಯೆಯ ಹಿಂದೆ ಓಡುವ ಬದಲು, ಸರಕು ಬಂದಿದ್ದೂ ಬಿಲ್ ಬಾರದಿರುವುದು ಎಷ್ಟಿದೆ, ಅದಕ್ಕೆ ಪ್ರೊವಿಷನ್, ಅಂದರೆ ಬರಬೇಕಾದ ಬಿಲ್‌ನ ಅಂದಾಜು ಮೊತ್ತ, ಲೆಕ್ಕದಲ್ಲಿ ಸರಿಯಾಗಿ ಹಾಕಿದ್ದೀವಾ ಅನ್ನುವುದು ನಿಮ್ಮ ಮೊದಲ ಕೆಲಸವಾಗುತ್ತದೆ. ಮೇಲ್ ಬರೆಯದಿದ್ದರೆ ಎರಡು ತಿಂಗಳು ಕಷ್ಟಪಟ್ಟು ಅವರು ಕೇಳದ ಕೆಲಸ ಮಾಡಿರುತ್ತಿದ್ದಿರಿ, ಅಲ್ವಾ?

ಇದರ ಜೊತೆಗೆ, ಪ್ರೊಬೇಷನ್ ಮುಗಿದಾಗ ಮ್ಯಾನೇಜರ್ ತುಂಬಬೇಕಾದ ಫಾರ್ಮ್ ಹೇಗಿರುತ್ತದೆ ಅಂತ ಎಚ್.ಆರ್. ವಿಭಾಗದಲ್ಲಿ ಈಗಲೇ ಕೇಳಿ ನೋಡಿ. ಹಲವು ಕಡೆ ಖಾಲಿ ಫಾರ್ಮ್ ಕೊಡುತ್ತಾರೆ. ಅದರಲ್ಲಿರುವ ಕಾಲಂಗಳಿಗೂ ಮ್ಯಾನೇಜರ್ ಬಾಯಿಂದ ಬಂದ ಮಾತಿಗೂ ವ್ಯತ್ಯಾಸ ಕಂಡರೆ, ಅದನ್ನು ಮುಂದಿನ ಭೇಟಿಯಲ್ಲಿ ಕೇಳಿ.

ಇನ್ನು ಸಂಬಂಧಗಳು. ಯಾರನ್ನು ಭೇಟಿ ಮಾಡಬೇಕು ಅಂತ ಸಂಸ್ಥೆಯ ಚಾರ್ಟ್ ನೋಡಬೇಡಿ. ಒಂದು ಬಿಲ್ ಹಿಡಿದು ಅದರ ಹಿಂದೆ ಹೋಗಿ. ಈಗಾಗಲೇ ಪಾವತಿಯಾದ, ಸ್ವಲ್ಪ ತಡವಾದ ಒಂದು ಬಿಲ್ ಆರಿಸಿಕೊಳ್ಳಿ. ಅದರ ಪರ್ಚೇಸ್ ಆರ್ಡರ್ ಮಾಡಿದವರು ಯಾರು, ಸ್ಟೋರ್ಸ್‌ನಲ್ಲಿ ಸರಕು ಇಳಿಸಿಕೊಂಡು ರಸೀದಿ ಎಂಟ್ರಿ ಮಾಡಿದವರು ಯಾರು, ಬಿಲ್ ಸಿಸ್ಟಮ್‌ಗೆ ಹಾಕಿದವರು, ಅಪ್ರೂವಲ್ ಕೊಟ್ಟವರು, ಬ್ಯಾಂಕ್ ಪಟ್ಟಿಗೆ ಸೇರಿಸಿದವರು ಯಾರು ಅಂತ ನೋಡಿ. ಐದಾರು ಜನ ಆಗುತ್ತಾರೆ. ನಿಮ್ಮ ಕೆಲಸ ನಿಂತಿರುವುದು ಇವರ ಮೇಲೆ. ಇವರಲ್ಲಿ ಹೆಚ್ಚಿನವರು ನಿಮ್ಮ ವಿಭಾಗದಲ್ಲೇ ಇರುವುದಿಲ್ಲ, ಪರಿಚಯ ಮಾಡಿಸುವ ಪಟ್ಟಿಯಲ್ಲೂ ಇರುವುದಿಲ್ಲ.

ಪ್ರತಿಯೊಬ್ಬರ ಬಳಿ 20 ನಿಮಿಷ ಸಾಕು. ನೀವೇ ಅವರ ಜಾಗಕ್ಕೆ ಹೋಗಿ, ಅವರನ್ನು ನಿಮ್ಮ ಮೇಜಿಗೆ ಕರೆಸಬೇಡಿ. ಆ ಬಿಲ್ ತೋರಿಸಿ, "ಇದು ನಿಮ್ಮ ಹತ್ತಿರ ಬಂದಾಗ ಏನಾಗುತ್ತೆ, ಸ್ವಲ್ಪ ತೋರಿಸ್ತೀರಾ?" ಅಂತ ಕೇಳಿ. ನಂತರ ಇನ್ನೊಂದು ಪ್ರಶ್ನೆ: "ನಮ್ಮ ತಂಡದಿಂದ ನಿಮಗೆ ಯಾವುದು ತಡವಾಗಿ ಬರುತ್ತೆ, ಅಥವಾ ತಪ್ಪಾಗಿ ಬರುತ್ತೆ?" ಆಗ ನಿಮ್ಮ ತಂಡದ ಮೇಲೆ ದೂರುಗಳು ಬರುತ್ತವೆ. ಸಮರ್ಥನೆ ಮಾಡಬೇಡಿ. ಅವರ ಜೊತೆ ಸೇರಿ ನಿಮ್ಮ ತಂಡವನ್ನು ಬೈಯಲೂಬೇಡಿ, ಆ ಮಾತು ಸಂಜೆಯೊಳಗೆ ನಿಮ್ಮ ತಂಡಕ್ಕೆ ತಲುಪಿರುತ್ತದೆ. ಬರೆದುಕೊಳ್ಳಿ. ಇದನ್ನು ಸರಿ ಮಾಡುತ್ತೇನೆ ಅಂತ ಅಲ್ಲೇ ಭರವಸೆ ಕೊಡಬೇಡಿ. "ನೋಡಿ ಎರಡು ವಾರದಲ್ಲಿ ಹೇಳ್ತೀನಿ" ಅನ್ನಿ, ಎರಡು ವಾರದಲ್ಲಿ ಹೋಗಿ ಹೇಳಿ. ಉತ್ತರ "ಸದ್ಯಕ್ಕೆ ಆಗಲ್ಲ" ಅಂತಿದ್ದರೂ ಹೋಗಿ ಹೇಳಿ. ಕೇಳಿಕೊಂಡು ಹೋಗಿ ಮತ್ತೆ ಬಾರದವರನ್ನು ಅವರು ಬೇಕಾದಷ್ಟು ನೋಡಿರುತ್ತಾರೆ. ತಿರುಗಿ ಬಂದು ಇಲ್ಲ ಅಂದವರನ್ನೂ ನಂಬುತ್ತಾರೆ.

ನಿಮ್ಮ ಪಕ್ಕ ಕೂರುವವರ ವಿಷಯ ಸ್ವಲ್ಪ ಬೇರೆ. ಅವರಿಗೆ ಬೇಸರ ಇರುವುದು ಸಹಜ. ಆ ವಿಷಯವನ್ನು ನೀವಾಗಿ ಎತ್ತಬೇಡಿ, ಅನುಕಂಪವನ್ನೂ ತೋರಿಸಬೇಡಿ. ಆ ಹುದ್ದೆ ಪಡೆದವರ ಬಾಯಿಂದ ಬರುವ ಅನುಕಂಪ ಸಹಿಸುವುದು ಕಷ್ಟ. ಅವರಾಗಿ ಹೇಳಿಕೊಂಡರೆ ಕೇಳಿಸಿಕೊಳ್ಳಿ, "ನಿಮ್ಮ ಜಾಗದಲ್ಲಿ ಇದ್ದರೆ ನನಗೂ ಹಾಗೇ ಅನ್ನಿಸುತ್ತಿತ್ತು" ಅನ್ನುವುದು ಸಾಕು. ಕೆಲಸದ ವಿಷಯದಲ್ಲಿ ಮಾತ್ರ ಮೂರು ನಿಯಮ ಬಿಡದೆ ಪಾಲಿಸಿ. ಅವರಿಗೆ ಗೊತ್ತಿರುವುದನ್ನು ಅವರಿಂದಲೇ, ಗಟ್ಟಿಯಾದ ಪ್ರಶ್ನೆಯಾಗಿ ಕೇಳಿ. "ಎಲ್ಲ ಹೇಳಿಕೊಡಿ" ಅಂದರೆ ಅದು ಹೊರೆ. "ಈ ಮೂರು ಸಪ್ಲೈಯರ್‌ಗಳಿಗೆ ಮಾತ್ರ ಪೇಮೆಂಟ್ ಅವಧಿ ಬೇರೆ ಯಾಕಿದೆ?" ಅಂದರೆ ಅದು ಅವರ ಅನುಭವಕ್ಕೆ ಕೊಟ್ಟ ಮರ್ಯಾದೆ. ಅವರು ಹೇಳಿದ್ದು ಉಪಯೋಗಕ್ಕೆ ಬಂದರೆ ಮ್ಯಾನೇಜರ್‌ಗೆ ಹಾಕುವ ಮೇಲ್‌ನಲ್ಲಿ ಅವರ ಹೆಸರು ಬರೆಯಿರಿ, ಅವರನ್ನೂ ಸೇರಿಸಿ. ಮತ್ತೆ, ಅವರು ಮಾಡುತ್ತಿದ್ದ ಕೆಲಸದಲ್ಲಿ ಏನೇ ಬದಲಾವಣೆ ಇದ್ದರೂ ಮೀಟಿಂಗ್‌ಗೆ ಮೊದಲು ಅವರಿಗೆ ಹೇಳಿ.

ಇಷ್ಟು ಮಾಡಿದರೂ ಸಂಬಂಧ ಸರಿಯಾಗದೆ ಇರಬಹುದು. ಅದು ಹೇಗೆ ಗೊತ್ತಾಗುತ್ತದೆ? ನಿಮಗೆ ಬೇಕಾದ ಮಾಹಿತಿ ಸರಿಯಾಗಿಯೇ ಬರುತ್ತದೆ, ಆದರೆ ಸಮಯ ಮೀರಿದ ಮೇಲೆ ಬರುತ್ತದೆ. ಪಕ್ಕದ ಕುರ್ಚಿಯಿಂದ ಬಾಯಲ್ಲಿ ಹೇಳಬಹುದಾದದ್ದು ಮ್ಯಾನೇಜರ್‌ಗೆ ಕಾಪಿ ಸಮೇತ ಮೇಲ್ ಆಗಿ ಬರುತ್ತದೆ. ಒಮ್ಮೆ ಆದರೆ ಬಿಡಿ. ಒಂದೇ ಕ್ಲೋಸಿಂಗ್‌ನಲ್ಲಿ ಮತ್ತೆ ಮತ್ತೆ ಆದರೆ ಅವರ ಜೊತೆಗೇ ಕೂತು ಮಾತಾಡಿ. ಉದ್ದೇಶದ ಬಗ್ಗೆ ಬೇಡ, ತಾರೀಖಿನ ಬಗ್ಗೆ ಮಾತ್ರ: "25ಕ್ಕೆ ಬೇಕಿದ್ದ ಪಟ್ಟಿ 28ಕ್ಕೆ ಬಂತು. ಮುಂದಿನ ಸಲ 25ಕ್ಕೆ ಬರಬೇಕಾದರೆ ನನ್ನ ಕಡೆಯಿಂದ ಏನು ಮಾಡಬೇಕು?" ಮ್ಯಾನೇಜರ್ ಹತ್ತಿರ ಹೋಗುವುದು ಇದಾದ ಮೇಲಿನ ಹೆಜ್ಜೆ. ಇದನ್ನು ದಾಟಿ ನೇರ ಅಲ್ಲಿಗೆ ಹೋದರೆ, ಆ ಹುದ್ದೆ ನಿಮಗೆ ಯಾಕೆ ಸಿಕ್ಕಿತು ಅನ್ನುವ ಹಳೆಯ ಚರ್ಚೆ ಮತ್ತೆ ಶುರುವಾಗುತ್ತದೆ.

ಈಗ ನಂಬಿಕೆಯ ವಿಷಯ, ಅಂದರೆ ಮೊದಲ ಚಿಕ್ಕ ಗೆಲುವು. ಇದನ್ನು ಒಂದು ಉದಾಹರಣೆ ಇಟ್ಟುಕೊಂಡು ಪೂರ್ತಿ ನೋಡೋಣ.

ಹೋಲ್ಡ್‌ನಲ್ಲಿ 120 ಬಿಲ್‌ಗಳಿವೆ ಅಂದುಕೊಳ್ಳಿ. ಎಲ್ಲರೂ ಅದನ್ನು "ಹೋಲ್ಡ್ ಸಮಸ್ಯೆ" ಅಂತ ಒಂದೇ ಹೆಸರಿನಿಂದ ಕರೆಯುತ್ತಿರುತ್ತಾರೆ. ಮೊದಲ ಕ್ಲೋಸಿಂಗ್ ಮುಗಿದ ಮೇಲಿನ ಶಾಂತ ದಿನಗಳಲ್ಲಿ ನೀವು ಆ ಪಟ್ಟಿ ತೆಗೆದು, ಪ್ರತಿ ಬಿಲ್ ಎದುರು ಕಾರಣ ಬರೆಯಿರಿ. ಬಿಲ್ ಪಾಸ್ ಆಗಬೇಕಾದರೆ ಆರ್ಡರ್, ಸ್ಟೋರ್ಸ್ ರಸೀದಿ, ಬಿಲ್ ಮೂರೂ ಹೊಂದಬೇಕು. ಹೊಂದದಿರುವುದು ಎಲ್ಲಿ ಅಂತ ನೋಡಿದಾಗ ಹೀಗೆ ಬಂತು ಅನ್ನಿ: 70 ಬಿಲ್‌ಗಳಿಗೆ ಸ್ಟೋರ್ಸ್ ರಸೀದಿ ಎಂಟ್ರಿ ಆಗಿಲ್ಲ. 30 ಬಿಲ್‌ಗಳಲ್ಲಿ ಆರ್ಡರ್ ಬೆಲೆಗೂ ಬಿಲ್ ಬೆಲೆಗೂ ವ್ಯತ್ಯಾಸ. 14ಕ್ಕೆ ಆರ್ಡರೇ ಇಲ್ಲ. ಉಳಿದ 6 ಎರಡು ಸಲ ಬಂದ ಬಿಲ್‌ಗಳು.

ಸಂಖ್ಯೆ ನೋಡಿದ ತಕ್ಷಣ ಸ್ಟೋರ್ಸ್‌ನವರಿಗೆ ಒಂದು ಖಾರದ ಮೇಲ್ ಹಾಕಬೇಕು ಅನ್ನಿಸುತ್ತದೆ. ಹಾಕಬೇಡಿ. ಅಲ್ಲಿಗೆ ಹೋಗಿ, ಆ 70ರಲ್ಲಿ ಐದು ಬಿಲ್ ತೋರಿಸಿ ಕೇಳಿ. ಆಗ ಒಂದು ಕಾರಣ ಸಿಗುತ್ತದೆ. ಎಂಟ್ರಿ ಮಾಡುವ ಲಾಗಿನ್ ಇರುವುದು ಒಬ್ಬರಿಗೆ ಮಾತ್ರ. ವಾರವಿಡೀ ಅವರು ಲೋಡಿಂಗ್‌ನಲ್ಲಿರುತ್ತಾರೆ, ಹಾಗಾಗಿ ಎಲ್ಲ ರಸೀದಿಗಳನ್ನೂ ವಾರದ ಕೊನೆಯ ದಿನ ಒಟ್ಟಿಗೆ ಹಾಕುತ್ತಾರೆ. ನಿಮ್ಮ ಪೇಮೆಂಟ್ ಪಟ್ಟಿ ಸಿದ್ಧವಾಗುವುದು ವಾರದ ನಡುವೆ. ಇಲ್ಲಿ ಯಾರದೂ ಸೋಮಾರಿತನ ಇಲ್ಲ. ಎರಡು ಕೆಲಸಗಳ ದಿನಗಳು ಹೊಂದುತ್ತಿಲ್ಲ, ಅಷ್ಟೆ. ವಾರದ ನಡುವೆ ಇನ್ನೊಂದು ಸಲ ಎಂಟ್ರಿ ಹಾಕಲು ಸಾಧ್ಯವೇ ಅಂತ ಅವರನ್ನೇ ಕೇಳಿ. ನಿಮ್ಮ ಕಡೆಯಿಂದಲೂ ಏನಾದರೂ ಕೊಡಿ: ಹಿಂದಿನ ದಿನ ಬೆಳಿಗ್ಗೆ ಯಾವ ಯಾವ ರಸೀದಿ ಬೇಕು ಅಂತ ಆರ್ಡರ್ ನಂಬರ್ ಸಮೇತ ಚಿಕ್ಕ ಪಟ್ಟಿ ಕಳಿಸುತ್ತೇನೆ ಅನ್ನಿ. ಅವರು ರಾಶಿಯಲ್ಲಿ ಹುಡುಕುವ ಕೆಲಸ ತಪ್ಪುತ್ತದೆ. ಬದಲಾವಣೆಗೆ ಮೊದಲು ಇಬ್ಬರ ಮ್ಯಾನೇಜರ್‌ಗಳಿಗೂ ಒಂದು ಮಾತು ತಿಳಿಸಿ. ಮೂರು ನಾಲ್ಕು ವಾರ ನಡೆಸಿ ನೋಡಿ.

ಈ ಗೆಲುವು ಚಿಕ್ಕದು, ಆದರೆ ಸರಿಯಾದದ್ದು ಯಾಕೆ ಅಂದರೆ ಇದಕ್ಕೆ ಯಾರ ದೊಡ್ಡ ಅಪ್ಪಣೆಯೂ ಬೇಡ, ಯಾರ ಅಧಿಕಾರವೂ ಕಡಿಮೆಯಾಗುವುದಿಲ್ಲ, ಫಲ ಎರಡನೇ ಕ್ಲೋಸಿಂಗ್‌ನಲ್ಲೇ ಕಾಣುತ್ತದೆ, ಮತ್ತೆ ಅದರಿಂದ ಇನ್ನೊಬ್ಬರ ಕೆಲಸವೂ ಹಗುರಾಗುತ್ತದೆ. ಮ್ಯಾನೇಜರ್ ಹೇಳಿದ್ದ ಆ ಒಂದು ಸಾಲಿಗೂ ಇದು ನೇರ ಸೇರುತ್ತದೆ. ರಸೀದಿ ಬೇಗ ಎಂಟ್ರಿ ಆದರೆ ಬಿಲ್ ಬಾರದ ಸರಕು ಎಷ್ಟಿದೆ ಅಂತ ಕ್ಲೋಸಿಂಗ್‌ಗೆ ಮೊದಲೇ ಗೊತ್ತಾಗುತ್ತದೆ, ಪ್ರೊವಿಷನ್ ಸರಿಯಾಗಿ ಬೀಳುತ್ತದೆ. ಇಂಥ ಕೆಲಸ ಆರಿಸುವಾಗ ನಿಮಗೆ ಯಾವುದು ಚೆನ್ನಾಗಿ ಬರುತ್ತದೆ ಅಂತ ನೋಡಬೇಡಿ, ಅವರಿಗೆ ಯಾವುದು ನೋಯುತ್ತಿದೆ ಅಂತ ನೋಡಿ. ಎಕ್ಸೆಲ್ ಚೆನ್ನಾಗಿ ಬರುತ್ತದೆ ಅಂತ ಯಾರೂ ಕೇಳದ ಬಣ್ಣಬಣ್ಣದ ರಿಪೋರ್ಟ್ ಮಾಡಿಕೊಟ್ಟು ಹೊಗಳಿಕೆಗೆ ಕಾಯುವ ಹೊಸಬರನ್ನು ತುಂಬಾ ನೋಡಿದ್ದೇನೆ. ಆ ರಿಪೋರ್ಟನ್ನು ಯಾರೂ ತೆರೆಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹೋಲ್ಡ್ ಸಂಖ್ಯೆ ಬೇಗ ಇಳಿಸಲು ಸುಲಭದ ದಾರಿಗಳಿವೆ. ಸಿಸ್ಟಮ್‌ನಲ್ಲಿ ಬೆಲೆ ವ್ಯತ್ಯಾಸದ ಮಿತಿಯನ್ನು ಸ್ವಲ್ಪ ಏರಿಸಿದರೆ 30ರಲ್ಲಿ ಅರ್ಧ ತಾನಾಗಿಯೇ ಪಾಸ್ ಆಗಬಹುದು. ರಸೀದಿ ಇಲ್ಲದೆ "ಸರಕು ಬಂದಿದೆಯಂತೆ" ಅನ್ನುವ ಫೋನ್ ಮಾತಿನ ಮೇಲೆ ಬಿಲ್ ಬಿಡಬಹುದು. ಆರ್ಡರ್ ಇಲ್ಲದ 14 ಬಿಲ್‌ಗಳಿಗೆ ಹಿಂದಿನ ತಾರೀಖಿನ ಆರ್ಡರ್ ಮಾಡಿಸಬಹುದು. ಇವು ಯಾವುದನ್ನೂ ಮಾಡಬೇಡಿ. ಮೂರೂ ತಪಾಸಣೆಯನ್ನು ಸಡಿಲ ಮಾಡುವ ಕೆಲಸಗಳು. ಬಾರದ ಸರಕಿಗೆ ಹಣ ಹೋಗುವುದು, ಒಂದೇ ಬಿಲ್‌ಗೆ ಎರಡು ಸಲ ಹಣ ಹೋಗುವುದು ಇಂಥ ಸಡಿಲದಿಂದಲೇ. ಆಡಿಟ್‌ನಲ್ಲಿ ಸಿಕ್ಕಾಗ ಅದಕ್ಕೆ ಅಂಟಿಕೊಳ್ಳುವ ಹೆಸರು ಹೊಸಬರದು. ಯಾರಾದರೂ ಒತ್ತಾಯ ಮಾಡಿದರೆ, "ಮ್ಯಾನೇಜರ್ ಲಿಖಿತವಾಗಿ ಹೇಳಿದರೆ ನೋಡೋಣ" ಅಂತ ಜಾರಿಕೊಳ್ಳುವ ಬದಲು, "ರಸೀದಿ ಇಲ್ಲದೆ ಬಿಡಲು ಆಗಲ್ಲ, ರಸೀದಿ ಬೇಗ ಬರಲು ಏನು ಸಹಾಯ ಬೇಕು ಹೇಳಿ" ಅಂತ ನೇರ ಹೇಳಿ.

ಆ 30 ಬೆಲೆ ವ್ಯತ್ಯಾಸದ ಬಿಲ್‌ಗಳನ್ನು ಈ 90 ದಿನಗಳಲ್ಲಿ ಬೇರಿನಿಂದ ಸರಿ ಮಾಡಲು ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ. ಒಂದೊಂದಾಗಿ ಖರೀದಿ ವಿಭಾಗದಿಂದ ಒಪ್ಪಿಗೆ ಪಡೆದು ಮುಗಿಸಿ, ಅಷ್ಟು ಸಾಕು. ಯಾಕೆಂದರೆ ಬೆಲೆ ಬದಲಾದರೂ ಆರ್ಡರ್ ಬದಲಾಗುತ್ತಿಲ್ಲ ಅಂದರೆ ಅದು ಖರೀದಿಯವರು ಕೆಲಸ ಮಾಡುವ ರೀತಿಯ ಪ್ರಶ್ನೆ. ಅದನ್ನು ಎತ್ತಲು ಒಂದಷ್ಟು ನಂಬಿಕೆ ಕೈಯಲ್ಲಿರಬೇಕು. ಎರಡನೇ ತಿಂಗಳಲ್ಲಿ ಅದು ನಿಮ್ಮ ಬಳಿ ಇರುವುದಿಲ್ಲ. ಯಾವ ಸಪ್ಲೈಯರ್, ಎಷ್ಟು ಸಲ, ಎಷ್ಟು ವ್ಯತ್ಯಾಸ ಅಂತ ಪಟ್ಟಿ ಮಾತ್ರ ಇಟ್ಟುಕೊಳ್ಳುತ್ತಾ ಹೋಗಿ.

ಎಂಟು ವರ್ಷ ಒಂದೇ ಕಡೆ ಇದ್ದವರಿಗೆ ಇನ್ನೊಂದು ಅಪಾಯ ಇದೆ. "ನಮ್ಮ ಹಳೇ ಕಂಪನಿಯಲ್ಲಿ ಹೀಗೆ ಮಾಡ್ತಿದ್ವಿ" ಅನ್ನುವ ಮಾತು ತಾನಾಗಿ ಬಾಯಿಗೆ ಬರುತ್ತದೆ. ಕೇಳುವವರಿಗೆ ಅದು "ನಿಮ್ಮದು ಸರಿಯಿಲ್ಲ" ಅಂತ ಕೇಳಿಸುತ್ತದೆ. ಅದೇ ಅನುಭವವನ್ನು ಪ್ರಶ್ನೆಯಾಗಿ ಇಡಿ: "ಇಲ್ಲಿ ವಾರಕ್ಕೆ ಒಂದೇ ಪೇಮೆಂಟ್ ಪಟ್ಟಿ ಹೋಗುತ್ತೆ, ಎರಡು ಮಾಡದಿರೋದಕ್ಕೆ ಏನಾದರೂ ಕಾರಣ ಇದೆಯಾ?" ಹತ್ತರಲ್ಲಿ ಕೆಲವಕ್ಕೆ ಒಳ್ಳೆಯ ಕಾರಣವೇ ಇರುತ್ತದೆ, ನೀವು ಕಲಿಯುತ್ತೀರಿ. ಕಾರಣ ಇಲ್ಲದಿದ್ದರೆ ಅವರೇ "ಯಾಕೆ ಮಾಡಬಾರದು?" ಅನ್ನುತ್ತಾರೆ.

ದಿನನಿತ್ಯದ ನಂಬಿಕೆ ಇನ್ನೂ ಸರಳವಾದ ಕಡೆ ಹುಟ್ಟುತ್ತದೆ. ಯಾರಿಗೆ, ಏನು, ಯಾವಾಗ ಕೊಡುತ್ತೇನೆ ಅಂದೆ ಅಂತ ಒಂದು ಪುಟದಲ್ಲಿ ಬರೆದಿಡಿ. ಬೆಳಿಗ್ಗೆ ಕೂತ ತಕ್ಷಣ ಅದನ್ನು ನೋಡಿ. ತಡವಾಗುತ್ತದೆ ಅನ್ನಿಸಿದರೆ ಹೇಳಿದ ಸಮಯ ದಾಟುವ ಮೊದಲೇ ತಿಳಿಸಿ, ಹೊಸ ಸಮಯವನ್ನೂ ಹೇಳಿ. ಸಂಜೆ ಐದಕ್ಕೆ ಕೊಡಬೇಕಿದ್ದನ್ನು ಮೂರಕ್ಕೆ "ನಾಳೆ ಹನ್ನೊಂದಕ್ಕೆ ಕೊಡ್ತೀನಿ" ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಐದೂವರೆಗೆ ಅದೇ ಮಾತು ಹೇಳಿದರೆ ಮುಂದಿನ ಸಲ ಅವರು ನಾಲ್ಕಕ್ಕೇ ಫೋನ್ ಮಾಡಿ ವಿಚಾರಿಸಲು ಶುರು ಮಾಡುತ್ತಾರೆ. ಹಾಗೆಯೇ ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ನೋಡಿ ಇವತ್ತು ಸಂಜೆ ಹೇಳ್ತೀನಿ" ಅನ್ನಿ. ಸೀನಿಯರ್ ಆಗಿ ಬಂದು ಗೊತ್ತಿಲ್ಲ ಅನ್ನುವುದು ಹೇಗೆ ಅಂತ ಅಂದಾಜಿನ ಉತ್ತರ ಕೊಟ್ಟರೆ, ಆ ಅಂದಾಜನ್ನು ನಂಬಿ ಯಾರೋ ಸಪ್ಲೈಯರ್‌ಗೆ ಮಾತು ಕೊಟ್ಟುಬಿಡುತ್ತಾರೆ.

ಪ್ರತಿ ಕ್ಲೋಸಿಂಗ್ ಮುಗಿದ ವಾರ ಮ್ಯಾನೇಜರ್ ಜೊತೆ ಹದಿನೈದು ನಿಮಿಷ ಕೂರಿ. "ನಾನು ಹೇಗೆ ಮಾಡ್ತಿದ್ದೀನಿ?" ಅಂತ ಕೇಳಿದರೆ "ಚೆನ್ನಾಗಿದೆ" ಅಂತ ಬರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. "ಈ ಕ್ಲೋಸಿಂಗ್‌ನಲ್ಲಿ ನಾನು ಬೇರೆ ರೀತಿ ಮಾಡಬೇಕಿದ್ದ ಒಂದು ವಿಷಯ ಯಾವುದು?" ಅಂತ ಕೇಳಿ. ಒಂದು ಅಂತ ಕೇಳಿದಾಗ ಜನ ಒಂದನ್ನು ಹೇಳುತ್ತಾರೆ. ಮೊದಲ ವಾರದ ಆ ಹತ್ತು ಸಾಲಿನ ಮೇಲ್ ತೆರೆದು, ಇದರಲ್ಲಿ ಏನಾದರೂ ಬದಲಾಗಿದೆಯಾ ಅಂತಲೂ ಕೇಳಿ. ನಿರೀಕ್ಷೆಗಳು ಸದ್ದಿಲ್ಲದೆ ಬದಲಾಗುತ್ತವೆ. ನಡುವೆ ಮ್ಯಾನೇಜರೇ ಬದಲಾದರೆ ಹಳೆಯ ಮೇಲ್ ಸಾಲದು, ಹೊಸಬರ ಜೊತೆ ಅದೇ ಅರ್ಧ ಗಂಟೆಯ ಮಾತು ಮೊದಲಿನಿಂದ ಆಗಬೇಕು.

ಎರಡನೇ ಕ್ಲೋಸಿಂಗ್ ಹೊತ್ತಿಗೆ ಕೆಲವು ಗುರುತು ಕಾಣಬೇಕು. ಬೇರೆ ವಿಭಾಗದವರು ಸಮಸ್ಯೆ ಆದ ಮೇಲೆ ದೂರು ತರುವ ಬದಲು, ಆಗುವ ಮೊದಲೇ ನಿಮಗೆ ಹೇಳುತ್ತಿದ್ದಾರೆ ಅಂದರೆ ಒಳ್ಳೆಯದು. ಮ್ಯಾನೇಜರ್ "ಆ ಪಟ್ಟಿ ಎಲ್ಲಿಗೆ ಬಂತು?" ಅಂತ ಕೇಳುವುದು ಕಡಿಮೆಯಾಗಿದೆ ಅಂದರೂ ಒಳ್ಳೆಯದು. ಬದಲಿಗೆ ನಿಮ್ಮ ಜೊತೆಗಿನ ಭೇಟಿ ಮತ್ತೆ ಮತ್ತೆ ಮುಂದೆ ಹೋಗುತ್ತಿದ್ದರೆ, ನಿಮಗೆ ಬರಬೇಕಾದ ಪ್ರಶ್ನೆಗಳು ಪಕ್ಕದವರಿಗೆ ಹೋಗುತ್ತಿದ್ದರೆ, ಕೊಟ್ಟ ಕೆಲಸ ತುಂಡು ತುಂಡಾಗಿ ಬರುತ್ತಿದ್ದರೆ ತಡ ಮಾಡಬೇಡಿ. ನೇರವಾಗಿ ಕೇಳಿ: "ಕ್ಲೋಸಿಂಗ್‌ನ ಈ ಭಾಗ ನನಗೆ ಕೊಡಲು ನಿಮಗೆ ಯಾವುದು ಅನುಮಾನ?" ಮೂರನೇ ಕ್ಲೋಸಿಂಗ್‌ಗೆ ಮೊದಲು ಈ ಮಾತು ಆದರೆ ತಿದ್ದಿಕೊಳ್ಳಲು ಇನ್ನೂ ಒಂದು ಸುತ್ತು ಉಳಿದಿರುತ್ತದೆ.

ಇಂಟರ್‌ವ್ಯೂನಲ್ಲಿ ಹೇಳಿದ ಕೆಲಸವೇ ಬೇರೆ, ಕೊಡುತ್ತಿರುವುದೇ ಬೇರೆ ಅನ್ನುವ ಸ್ಥಿತಿಯೂ ಬರಬಹುದು. ಮೊದಲ ಎರಡು ವಾರದಲ್ಲಿ ಅದನ್ನು ದೊಡ್ಡದು ಮಾಡಬೇಡಿ. ಯಾರೋ ರಜೆಯಲ್ಲಿದ್ದಾರೆ, ಯಾವುದೋ ಕೆಲಸ ತುರ್ತಾಗಿದೆ ಅನ್ನುವ ಕಾರಣ ಇರಬಹುದು. ಎರಡನೇ ಕ್ಲೋಸಿಂಗ್ ದಾಟಿದರೂ ಹಾಗೇ ಇದ್ದರೆ, ನೇಮಕಾತಿ ಪತ್ರದಲ್ಲಿರುವ ಕೆಲಸದ ವಿವರ ಮುಂದಿಟ್ಟುಕೊಂಡು ಮಾತಾಡಿ. ಪ್ರೊಬೇಷನ್ ನಿಮಗೂ ಕಂಪನಿಯನ್ನು ನೋಡಿ ತೀರ್ಮಾನಿಸುವ ಅವಧಿಯೇ.

ಮೂರು ಕ್ಲೋಸಿಂಗ್ ಮಾಡಿದಿರಿ ಅಂದರೂ ಎಲ್ಲ ನೋಡಿದಂತಲ್ಲ. ವರ್ಷದ ಕೊನೆಯ ಕ್ಲೋಸಿಂಗ್, ಆಡಿಟ್, ಸಪ್ಲೈಯರ್‌ಗಳ ಜೊತೆ ಬಾಕಿ ಹೊಂದಿಸುವ ಕೆಲಸ ಇವೆಲ್ಲ ಇನ್ನೂ ಬಂದಿರುವುದಿಲ್ಲ. "ಇನ್ನೂ ನೋಡಿಲ್ಲ" ಅಂತ ಒಂದು ಪಟ್ಟಿ ಮೊದಲ ವಾರದಿಂದಲೇ ಮಾಡುತ್ತಾ ಬನ್ನಿ. ಪ್ರೊಬೇಷನ್ ಮುಗಿಯುವ ಒಂದು ವಾರ ಮೊದಲು ಒಂದೇ ಪುಟದ ಟಿಪ್ಪಣಿಯನ್ನು ಮ್ಯಾನೇಜರ್‌ಗೆ ಕೊಡಿ. ಅದರಲ್ಲಿ ಹತ್ತು ಸಾಲಿನ ಮೇಲ್‌ನಲ್ಲಿ ಒಪ್ಪಿದ್ದರಲ್ಲಿ ಏನಾಯಿತು, ಏನಾಗಿಲ್ಲ, ಯಾಕೆ ಅಂತ ಬರೆಯಿರಿ. ಇನ್ನೂ ನೋಡದ ಕೆಲಸಗಳ ಪಟ್ಟಿ ಸೇರಿಸಿ, ಅವು ಬರುವ ಹೊತ್ತಿಗೆ ಯಾರ ಪಕ್ಕ ಕೂತು ಕಲಿಯಬೇಕು ಅಂತ ಅವರಿಂದಲೇ ಹೆಸರು ಕೇಳಿ. ಕೊನೆಗೆ ಆ ಬೆಲೆ ವ್ಯತ್ಯಾಸದ ಪಟ್ಟಿಯನ್ನು ಲಗತ್ತಿಸಿ. ಖರೀದಿ ವಿಭಾಗದ ಜೊತೆ ಆ ಮಾತನ್ನು ಯಾರು ಶುರು ಮಾಡಬೇಕು, ನೀವೋ ಅವರೋ ಅನ್ನುವುದನ್ನು ಆ ದಿನ ಇಬ್ಬರೂ ಕೂತು ತೀರ್ಮಾನಿಸಿ.